ಬಡ್ತಿ ಮತ್ತು ಹೊಸ ನೇಮಕದ ಸುದ್ದಿಯನ್ನು ತಂಡಕ್ಕೆ ತಿಳಿಸುವುದು: ಏಳು ಸಾಲಿನ ಸಂದೇಶ, ಅದಕ್ಕೂ ಮೊದಲಿನ ಕೆಲಸ

ಕೆಲವು ವರ್ಷಗಳ ಹಿಂದೆ, ಒಂದು ಶುಕ್ರವಾರ ಸಂಜೆ, ನಮ್ಮ ವಿಭಾಗದ ವಾಟ್ಸಾಪ್ ಗುಂಪಿಗೆ ನಾನೊಂದು ಬಡ್ತಿಯ ಸುದ್ದಿ ಹಾಕಿದೆ. ಐದು ನಿಮಿಷದಲ್ಲಿ ಇಪ್ಪತ್ತು ಅಭಿನಂದನೆಗಳು ಬಂದವು. ಸೋಮವಾರ ಬೆಳಿಗ್ಗೆ ಒಬ್ಬರು ನನ್ನ ಮೇಜಿನ ಹತ್ತಿರ ಬಂದು ನಿಂತರು. ಅದೇ ಹುದ್ದೆಗೆ ಅವರೂ ಸಂದರ್ಶನ ಕೊಟ್ಟಿದ್ದರು. "ನನಗೆ ಸಿಗಲಿಲ್ಲ ಅಂತ ಬೇಜಾರಿಲ್ಲ ಸರ್. ಆದ್ರೆ ಗುಂಪಿನಲ್ಲಿ ಓದಿ ತಿಳ್ಕೋಬೇಕಾಯ್ತು. ಒಂದು ಮಾತು ಮೊದಲೇ ಹೇಳಬಹುದಿತ್ತಲ್ವಾ?" ಅಂದರು.

ಅವರ ಮಾತು ನೂರಕ್ಕೆ ನೂರು ಸರಿ ಇತ್ತು. ಸಂದೇಶದಲ್ಲಿ ಒಂದಕ್ಷರ ತಪ್ಪಿರಲಿಲ್ಲ. ತಪ್ಪಿದ್ದು ಸುದ್ದಿ ಯಾರಿಗೆ ಯಾವಾಗ ತಲುಪಬೇಕು ಅನ್ನುವುದು. ಅಂದಿನಿಂದ ನಾನು ಈ ಕೆಲಸವನ್ನು ಬರವಣಿಗೆಯ ಕೆಲಸ ಅಂತ ನೋಡುವುದಿಲ್ಲ. ಬರೆಯುವುದಕ್ಕೆ ಅರ್ಧ ಗಂಟೆ ಸಾಕು. ಅದಕ್ಕೆ ಮೊದಲು ಒಂದೆರಡು ದಿನದ ತಯಾರಿ ಬೇಕು.

ಇಲ್ಲಿ ಮುಖ್ಯವಾಗಿ ಒಂದೇ ಸನ್ನಿವೇಶ ತೆಗೆದುಕೊಂಡಿದ್ದೇನೆ. ಪೀಣ್ಯದಂಥ ಕೈಗಾರಿಕಾ ಪ್ರದೇಶದಲ್ಲಿ ಯಂತ್ರದ ಬಿಡಿಭಾಗ ಮಾಡುವ ಒಂದು ಕಾರ್ಖಾನೆ. ಅದರ ಕ್ವಾಲಿಟಿ ವಿಭಾಗದಲ್ಲಿ ಹನ್ನೊಂದು ಇನ್‌ಸ್ಪೆಕ್ಟರ್‌ಗಳು. ಅವರಲ್ಲೇ ಒಬ್ಬರಿಗೆ ಶಿಫ್ಟ್ ಇನ್‌ಚಾರ್ಜ್ ಆಗಿ ಬಡ್ತಿ. ನಿನ್ನೆವರೆಗೆ ಜೊತೆಗೆ ಟೀ ಕುಡಿದವರು ನಾಳೆಯಿಂದ ರಜೆ ಮಂಜೂರು ಮಾಡುತ್ತಾರೆ. ಇನ್ನಿಬ್ಬರೂ ಇದೇ ಹುದ್ದೆಗೆ ಅರ್ಜಿ ಹಾಕಿದ್ದರು. ಬಡ್ತಿಗಳಲ್ಲಿ ಇದೇ ಕಷ್ಟದ್ದು. ಉದಾಹರಣೆಗೆ ಅವರನ್ನು ಮಂಜುಳಾ ಎಚ್. ಆರ್. ಅಂತ ಕರೆಯೋಣ. ಈ ಬರಹದಲ್ಲಿರುವ ಹೆಸರುಗಳೆಲ್ಲ ಮಾದರಿಗಾಗಿ ಇಟ್ಟವು.

## ಮೊದಲು: ಐದು ವಿಷಯ, ಕಾಗದದಿಂದ

ಹೆಸರು, ಹುದ್ದೆ, ದಿನಾಂಕ, ಯಾರಿಗೆ ವರದಿ ಮಾಡುತ್ತಾರೆ, ಯಾವ ಕೆಲಸದ ಹೊಣೆ. ಈ ಐದನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಒಂದೊಂದರ ಎದುರಿಗೂ ಅದನ್ನು ಎಲ್ಲಿಂದ ತೆಗೆದುಕೊಂಡಿರಿ ಅಂತ ಬರೆಯಿರಿ. "ಮ್ಯಾನೇಜರ್ ಫೋನಿನಲ್ಲಿ ಹೇಳಿದರು" ಅಂತ ಬರೆಯಬೇಕಾಗಿ ಬಂದರೆ ಅಲ್ಲಿ ನಿಲ್ಲಿ. ಬಡ್ತಿ ಪತ್ರಕ್ಕೆ ಸಹಿಯಾಗಿ ಅದು ಮಂಜುಳಾ ಅವರ ಕೈ ಸೇರುವವರೆಗೆ ಸುದ್ದಿ ಹೊರಗೆ ಬರಬಾರದು.

ಜಾಸ್ತಿ ತಪ್ಪಾಗುವುದು ದಿನಾಂಕದಲ್ಲಿ. ಒಂದು ಬಡ್ತಿಗೆ ಸಾಮಾನ್ಯವಾಗಿ ಮೂರು ದಿನಾಂಕ ಇರುತ್ತವೆ. ಮಂಜುಳಾ ಅವರ ಪತ್ರದ ಮೇಲಿರುವ ದಿನಾಂಕ ನವೆಂಬರ್ 24. ಹೊಸ ಹೊಣೆ ವಹಿಸಿಕೊಳ್ಳುವುದು ಡಿಸೆಂಬರ್ 1ರಿಂದ. ಸಂಬಳದ ಹೆಚ್ಚಳ ಹಿಂದಿನ ಅಕ್ಟೋಬರ್ 1ರಿಂದಲೇ ಲೆಕ್ಕ. ಅವಸರದಲ್ಲಿ ಬರೆಯುವವರು ಇವುಗಳಲ್ಲಿ ಕಣ್ಣಿಗೆ ಬಿದ್ದ ಒಂದನ್ನು ಎತ್ತಿಕೊಳ್ಳುತ್ತಾರೆ. "ಅಕ್ಟೋಬರ್ 1ರಿಂದ ಬಡ್ತಿ" ಅಂತ ಬರೆದರೆ, ಕಳೆದ ಎರಡು ತಿಂಗಳು ಆ ಹೊಣೆ ನೋಡಿಕೊಂಡವರು ಯಾರು ಅಂತ ಪ್ರಶ್ನೆ ಏಳುತ್ತದೆ. ಸಂಬಳದ ಬಾಕಿ ಬಂದಿರಬೇಕು ಅಂತ ಊಹೆ ಶುರುವಾಗುತ್ತದೆ. ತಂಡಕ್ಕೆ ಬೇಕಾದ್ದು ಹೊಣೆ ಬದಲಾಗುವ ದಿನ ಮಾತ್ರ. ವಾರದ ದಿನವನ್ನೂ ಸೇರಿಸಿ "ಡಿಸೆಂಬರ್ 1, ಸೋಮವಾರದಿಂದ" ಅಂತ ಬರೆಯಿರಿ. ದಿನಾಂಕಕ್ಕೂ ವಾರಕ್ಕೂ ತಾಳೆಯಾಗದಿದ್ದರೆ ಬರೆಯುವಾಗಲೇ ಗೊತ್ತಾಗುತ್ತದೆ.

ಹುದ್ದೆಯ ಹೆಸರಿನಲ್ಲೂ ಇದೇ ಎಚ್ಚರ ಬೇಕು. ಪತ್ರದಲ್ಲಿ "ಶಿಫ್ಟ್ ಇನ್‌ಚಾರ್ಜ್ – ಕ್ವಾಲಿಟಿ" ಅಂತ ಇದ್ದರೆ ಅದನ್ನೇ ಬರೆಯಿರಿ. ಪ್ರೀತಿಯಿಂದ "ಕ್ವಾಲಿಟಿ ಹೆಡ್" ಅಂತ ಬರೆದರೆ ನಿಜವಾದ ಹೆಡ್ ಅವತ್ತೇ ಫೋನ್ ಮಾಡುತ್ತಾರೆ. ತಾತ್ಕಾಲಿಕವಾಗಿ ಹೊಣೆ ಕೊಟ್ಟಿದ್ದರೆ "ಪ್ರಭಾರ" ಅನ್ನುವ ಪದ ನಮ್ಮಲ್ಲಿ ಎಲ್ಲರಿಗೂ ಗೊತ್ತು, ಅದನ್ನು ಮುಚ್ಚಿಡಬೇಡಿ. ಮೂರು ತಿಂಗಳಾದ ಮೇಲೆ ಬೇರೆಯವರು ಆ ಜಾಗಕ್ಕೆ ಬಂದರೆ, ಮೊದಲು ಇದ್ದವರನ್ನು ಕೆಳಗಿಳಿಸಿದರು ಅಂತ ಮಾತು ಹಬ್ಬುತ್ತದೆ. ಅವರ ತಪ್ಪಿಲ್ಲದೆ ಅವರಿಗೆ ಅವಮಾನವಾಗುತ್ತದೆ.

ಇನ್ನು ಹೆಸರು. ನಮ್ಮ ಕಡೆ ಇನಿಷಿಯಲ್ ಇರುವುದರಿಂದ ಇದು ನಿಜವಾಗಿಯೂ ಗಮನ ಕೊಡಬೇಕಾದ ವಿಷಯ. ಎಚ್‌ಆರ್ ತಂತ್ರಾಂಶದಲ್ಲಿ ಸರ್‌ನೇಮ್ ಅನ್ನುವ ಜಾಗ ಖಾಲಿ ಬಿಡಲು ಆಗದೆ, ಎಷ್ಟೋ ಜನರ ಇನಿಷಿಯಲ್ ಅಲ್ಲಿ ಹೋಗಿ ಕೂತಿರುತ್ತದೆ. ಇಲ್ಲವೇ ತಂದೆಯ ಹೆಸರು ಸರ್‌ನೇಮ್ ಆಗಿರುತ್ತದೆ. ಅಲ್ಲಿಂದ ನಕಲು ಮಾಡಿದರೆ, ಆರು ವರ್ಷದಿಂದ ಮಂಜುಳಾ ಮೇಡಂ ಆಗಿದ್ದವರು ಸುದ್ದಿಯಲ್ಲಿ "ಮಿಸ್ ರಂಗಪ್ಪ" ಆಗಿಬಿಡುತ್ತಾರೆ. ಇಂಗ್ಲಿಷ್ ಪಟ್ಟಿಯಿಂದ ಕನ್ನಡಕ್ಕೆ ತರುವಾಗ ಲ ಮತ್ತು ಳ, ನ ಮತ್ತು ಣ, ಶ ಮತ್ತು ಷ ಅದಲುಬದಲಾಗುತ್ತವೆ. ಮಂಜುಳಾ ಹೋಗಿ ಮಂಜುಲಾ ಆಗುತ್ತದೆ, ಅರುಣ ಹೋಗಿ ಅರುನ ಆಗುತ್ತದೆ. ಕೆಲವರು "ಎಚ್." ಅಂತ ಬರೆಯುತ್ತಾರೆ, ಕೆಲವರು "ಹೆಚ್." ಅಂತ. ಎರಡೂ ಬಳಕೆಯಲ್ಲಿವೆ. ಅವರು ಹೇಗೆ ಬರೆಯುತ್ತಾರೋ ಅದೇ ಸರಿ. ದಾರಿ ಒಂದೇ: "ನಿಮ್ಮ ಹೆಸರನ್ನು ಕನ್ನಡದಲ್ಲಿ, ಇಂಗ್ಲಿಷಿನಲ್ಲಿ ಹೇಗೆ ಬರೆಯಬೇಕು, ಒಂದು ಮೆಸೇಜ್ ಹಾಕ್ತೀರಾ?" ಅಂತ ಕೇಳಿ, ಅವರು ಕಳಿಸಿದ್ದನ್ನೇ ನಕಲು ಮಾಡಿ.

## ಆಮೇಲೆ: ಯಾರಿಗೆ ಮೊದಲು ಹೇಳಬೇಕು

ಸುದ್ದಿ ಎಲ್ಲರಿಗೂ ಹೋಗುವ ಮೊದಲು ಕೆಲವರಿಗೆ ಬಾಯಿಮಾತಿನಲ್ಲಿ ತಲುಪಬೇಕು. ನಾನು ಪಾಲಿಸುವ ಕ್ರಮ ಹೀಗಿದೆ. ಮೊದಲು ಬಡ್ತಿ ಪಡೆದವರು. ನಂತರ ಅದೇ ಹುದ್ದೆಗೆ ಅರ್ಜಿ ಹಾಕಿದ್ದವರು. ನಂತರ ಆ ಹುದ್ದೆಯಿಂದ ಹೋಗುತ್ತಿರುವವರು. ಕೊನೆಗೆ ಈ ಬದಲಾವಣೆಯಿಂದ ದಿನದ ಕೆಲಸ ಬದಲಾಗುವ ಪಕ್ಕದ ವಿಭಾಗಗಳ ಮುಖ್ಯಸ್ಥರು. ನಮ್ಮ ಉದಾಹರಣೆಯಲ್ಲಿ ಅದು ಪ್ರೊಡಕ್ಷನ್ ಮತ್ತು ಸ್ಟೋರ್ಸ್.

ಮೊದಲನೆಯವರಿಗೂ ಎಲ್ಲರಿಗೂ ನಡುವಿನ ಅಂತರ ಒಂದು ದಿನಕ್ಕಿಂತ ಜಾಸ್ತಿ ಇರಬಾರದು. ಕ್ಯಾಂಟೀನಿಗೆ ಬಂದ ಸುದ್ದಿ ನಿಲ್ಲುವುದಿಲ್ಲ. ಬುಧವಾರ ಮಧ್ಯಾಹ್ನ ಅರ್ಜಿದಾರರಿಬ್ಬರ ಜೊತೆ ಮಾತು, ಗುರುವಾರ ಬೆಳಿಗ್ಗೆ ಉಳಿದವರ ಜೊತೆ, ಗುರುವಾರ ಮಧ್ಯಾಹ್ನ ಎಲ್ಲರಿಗೂ ಸಂದೇಶ. ಇಷ್ಟು ಬಿಗಿಯಾಗಿ ಇಟ್ಟುಕೊಳ್ಳಿ. ಬಡ್ತಿ ಪಡೆದವರಿಗೂ "ಗುರುವಾರ ಮಧ್ಯಾಹ್ನದವರೆಗೆ ನಿಮ್ಮಲ್ಲೇ ಇರಲಿ" ಅಂತ ಸಮಯ ಹೇಳಿ ಕೇಳಿಕೊಳ್ಳಿ. "ಯಾರಿಗೂ ಹೇಳಬೇಡಿ" ಅಂತ ಸುಮ್ನೆ ಹೇಳಿದರೆ ಎಲ್ಲಿವರೆಗೆ ಅಂತ ಅವರಿಗೂ ಗೊತ್ತಾಗುವುದಿಲ್ಲ.

ಅರ್ಜಿ ಹಾಕಿ ಸಿಗದವರ ಜೊತೆಗಿನ ಮಾತು ಇಡೀ ಕೆಲಸದಲ್ಲಿ ಕಷ್ಟದ್ದು. ಹಾಗಾಗಿಯೇ ಇದನ್ನು ಜನ ಬಿಟ್ಟುಬಿಡುತ್ತಾರೆ. ಇಬ್ಬರನ್ನೂ ಒಟ್ಟಿಗೆ ಕೂರಿಸಬೇಡಿ. ಒಬ್ಬೊಬ್ಬರನ್ನೇ, ಬಾಗಿಲು ಇರುವ ಕೋಣೆಯಲ್ಲಿ, ಹತ್ತು ನಿಮಿಷ. ಮೊದಲ ವಾಕ್ಯದಲ್ಲೇ ವಿಷಯ ಹೇಳಿ. ಹವಾಮಾನ, ಮನೆ, ಮಕ್ಕಳು ಅಂತ ಸುತ್ತಿ ಬಂದರೆ ಅವರಿಗೆ ಆಗಲೇ ಗೊತ್ತಾಗಿರುತ್ತದೆ. ಕಾಯಿಸಿದ ಹಿಂಸೆ ಮಾತ್ರ ಉಳಿಯುತ್ತದೆ. ನಾನು ಹೇಳುವುದು ಸುಮಾರು ಹೀಗೆ:

> "ಶಿಫ್ಟ್ ಇನ್‌ಚಾರ್ಜ್ ಹುದ್ದೆಗೆ ಮಂಜುಳಾ ಅವರನ್ನು ಆರಿಸಿದ್ದೇವೆ. ನಾಳೆ ಮಧ್ಯಾಹ್ನ ಎಲ್ಲರಿಗೂ ತಿಳಿಸ್ತೀವಿ. ಅದಕ್ಕೆ ಮೊದಲು ನಿಮಗೆ ನಾನೇ ಹೇಳಬೇಕು ಅಂತ ಕರೆದೆ. ನಿಮ್ಮ ಸಂದರ್ಶನದ ಬಗ್ಗೆ ವಿವರವಾಗಿ ಮಾತಾಡೋಣ, ಸೋಮವಾರ ಹನ್ನೊಂದಕ್ಕೆ ಆಗುತ್ತಾ? ಈಗ ಏನಾದರೂ ಕೇಳಬೇಕಾ?"

ಆಮೇಲೆ ಸುಮ್ಮನಿರಿ. ಅವರು ಏನೂ ಹೇಳದಿದ್ದರೂ ಪರವಾಗಿಲ್ಲ. ಈ ಹೊತ್ತಿನಲ್ಲಿ ಎರಡು ಮಾತು ಆಡಲೇಬಾರದು. ಒಂದು, ಹೋಲಿಕೆ: "ಅವರು ನಿಮಗಿಂತ ಸ್ವಲ್ಪ ಮುಂದಿದ್ದರು." ಇನ್ನೊಂದು, ಕೈಯಲ್ಲಿಲ್ಲದ ಭರವಸೆ: "ಮುಂದಿನ ಸಲ ನೀವೇ." ಈ ಎರಡನೆಯದು ದಯೆಯಿಂದ ಬಾಯಿಗೆ ಬರುತ್ತದೆ. ಆದರೆ ಮುಂದಿನ ಸಲ ಬಂದಾಗ ಅದು ಕೊಟ್ಟ ಮಾತಾಗಿರುತ್ತದೆ. ಅವರು ರಾತ್ರಿ ಪಾಳಿಯಲ್ಲಿದ್ದರೆ ಅಥವಾ ರಜೆಯಲ್ಲಿದ್ದರೆ ಫೋನ್ ಮಾಡಿ. ಮೆಸೇಜ್ ಬೇಡ.

ಹೋಗುತ್ತಿರುವವರನ್ನೂ ಮರೆಯಬಾರದು. ನಮ್ಮ ಉದಾಹರಣೆಯಲ್ಲಿ ಹಿಂದಿನ ಇನ್‌ಚಾರ್ಜ್ ರಾಮಚಂದ್ರ ಅವರು ನವೆಂಬರ್ 30ಕ್ಕೆ ನಿವೃತ್ತರಾಗುತ್ತಿದ್ದಾರೆ. ಅವರ ನಿವೃತ್ತಿಯ ಸುದ್ದಿ ಬೇರೆಯಾಗಿ, ಮೊದಲೇ ಹೋಗಿರಬೇಕು. ಅಷ್ಟು ವರ್ಷ ದುಡಿದವರ ವಿದಾಯ ಇನ್ನೊಬ್ಬರ ಬಡ್ತಿಯ ಕೊನೆಯ ಸಾಲಾಗಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಯಾರಾದರೂ ರಾಜೀನಾಮೆ ಕೊಟ್ಟು ಹೋಗಿದ್ದರೆ ಅಥವಾ ಕಳಿಸಲಾಗಿದ್ದರೆ, ಆ ಕಾರಣ ಈ ಸಂದೇಶದಲ್ಲಿ ಬರುವುದೇ ಬೇಡ.

## ಬರೆಯುವುದು: ಹಳೆಯ ಅಭ್ಯಾಸದ ಕರಡು, ಅದರ ರಿಪೇರಿ

ಸಾಮಾನ್ಯವಾಗಿ ಮೊದಲು ಬರುವ ಕರಡು ಹೀಗಿರುತ್ತದೆ:

> "ನಮ್ಮೆಲ್ಲರ ನೆಚ್ಚಿನ, ಹಗಲಿರುಳೆನ್ನದೆ ದುಡಿಯುವ, ಸರಳ ಸಜ್ಜನಿಕೆಯ ಶ್ರೀಮತಿ ಮಂಜುಲಾ ಅವರಿಗೆ ಬಡ್ತಿ ದೊರೆತಿರುವುದು ಅತ್ಯಂತ ಹರ್ಷದ ಸಂಗತಿ. ಸಂಸಾರದ ಹೊಣೆಯ ನಡುವೆಯೂ ಇವರು ಮಾಡಿರುವ ಸಾಧನೆ ಎಲ್ಲ ಮಹಿಳೆಯರಿಗೆ ಮಾದರಿ. ಇವರಿಂದಾಗಿ ರಿಜೆಕ್ಷನ್ ಅರ್ಧಕ್ಕೆ ಇಳಿದಿದೆ. ಇವರಿಗೆ ಎಲ್ಲರೂ ಸಂಪೂರ್ಣ ಸಹಕಾರ ನೀಡಬೇಕಾಗಿ ಕೋರಲಾಗಿದೆ."

ಬರೆದವರಿಗೆ ಪ್ರೀತಿ ಇದೆ, ಅದು ಕಾಣುತ್ತದೆ. ಆದರೆ ಓದಿದವರಿಗೆ ಯಾವ ಹುದ್ದೆ, ಯಾವತ್ತಿನಿಂದ, ನಾಳೆ ಯಾರ ಹತ್ತಿರ ಹೋಗಬೇಕು ಅನ್ನುವುದು ಒಂದೂ ಗೊತ್ತಾಗಲಿಲ್ಲ. ಹೆಸರು ತಪ್ಪಿದೆ. "ಹಗಲಿರುಳೆನ್ನದೆ" ಅನ್ನುವುದನ್ನು ಯಾರಿಗೆ ಬೇಕಾದರೂ ಬರೆಯಬಹುದು, ಹಾಗಾಗಿ ಅದು ಮಂಜುಳಾ ಅವರ ಬಗ್ಗೆ ಏನೂ ಹೇಳುವುದಿಲ್ಲ. ಸಂಸಾರದ ಮಾತು ಇಲ್ಲಿ ಬೇಡ. ಅದೇ ಹುದ್ದೆಗೆ ಗಂಡಸು ಬಂದಿದ್ದರೆ ಆ ಸಾಲು ಇರುತ್ತಿತ್ತಾ ಅಂತ ಕೇಳಿಕೊಳ್ಳಿ. ಶ್ರೀಮತಿ, ಕುಮಾರಿ ಕೂಡ ಬೇಡ. ಹೆಸರಿನ ಮುಂದೆ "ಅವರು" ಇದ್ದರೆ ಕನ್ನಡದಲ್ಲಿ ಗೌರವ ಪೂರ್ತಿಯಾಗುತ್ತದೆ.

ರಿಜೆಕ್ಷನ್ ಸಾಲು ಎಲ್ಲಕ್ಕಿಂತ ಅಪಾಯದ್ದು. ರಿಜೆಕ್ಷನ್ ಕಮ್ಮಿಯಾಗಿದ್ದು ನಿಜ ಇರಬಹುದು. ಆದರೆ ಅದೇ ವರ್ಷ ಹೊಸ ಯಂತ್ರ ಬಂದಿತ್ತು, ಹನ್ನೊಂದು ಜನ ಸೇರಿ ತಪಾಸಣೆ ಮಾಡಿದ್ದರು. ಉಳಿದ ಹತ್ತು ಜನ ಈ ಸಾಲು ಓದುತ್ತಾರೆ. ನಾಳೆಯಿಂದ ಅವರಲ್ಲಿ ಮೊದಲ ಪಾಳಿಯವರು ಮಂಜುಳಾ ಅವರ ಕೈಕೆಳಗೆ ಕೆಲಸ ಮಾಡಬೇಕು. ತಂಡದ ಫಲವನ್ನು ಒಬ್ಬರ ಹೆಸರಿಗೆ ಬರೆದರೆ ಅದರ ಬೆಲೆ ತೆರುವವರು ಬಡ್ತಿ ಪಡೆದವರೇ.

ಹಾಗಾದರೆ ಆತ್ಮೀಯತೆ ಎಲ್ಲಿಂದ ಬರಬೇಕು? ಒಂದು ನಿಜವಾದ, ಕಣ್ಣಿಗೆ ಕಂಡ ಸಂಗತಿಯಿಂದ. ಅದನ್ನು ಹುಡುಕಲು ನಾನು ಜೊತೆಗೆ ಕೆಲಸ ಮಾಡಿದ ಇಬ್ಬರನ್ನು ಕೇಳುತ್ತೇನೆ: "ಇವರು ಶುರು ಮಾಡಿದ್ದು, ನೀವು ಈಗಲೂ ಬಳಸುತ್ತಿರುವುದು ಏನಾದರೂ ಇದೆಯಾ?" ಗುಣ ಕೇಳಿದರೆ "ತುಂಬಾ ಒಳ್ಳೆಯವರು" ಅನ್ನುತ್ತಾರೆ. ಹೀಗೆ ಕೇಳಿದರೆ ವಸ್ತು ಸಿಗುತ್ತದೆ. ಮಂಜುಳಾ ಅವರ ವಿಷಯದಲ್ಲಿ ಸಿಕ್ಕಿದ್ದು ಇದು. ಯಾವ ಗೇಜ್ ಯಾವ ತಾರೀಖಿಗೆ ಕ್ಯಾಲಿಬ್ರೇಷನ್‌ಗೆ ಹೋಗಬೇಕು ಅಂತ ತೋರಿಸುವ ಪಟ್ಟಿಯನ್ನು ಅವರು ತಾವಾಗಿಯೇ ಮಾಡಿ ಗೋಡೆಗೆ ಹಾಕಿದ್ದರು. ಮೂರು ಪಾಳಿಯವರೂ ಈಗ ಅದನ್ನೇ ನೋಡುತ್ತಾರೆ. ಇದು ಎಲ್ಲರಿಗೂ ಗೊತ್ತಿರುವ ವಿಷಯ, ಯಾರೂ ಅಲ್ಲಗಳೆಯಲಾರರು. ಇದರಿಂದ ಬೇರೆಯವರು ಸಣ್ಣವರಾಗುವುದೂ ಇಲ್ಲ. ಒಂದೇ ವಾಕ್ಯ ಸಾಕು.

ಕೊನೆಯ ರೂಪ ಹೀಗಿತ್ತು ಅಂತಿಟ್ಟುಕೊಳ್ಳಿ:

> ವಿಷಯ: ಮಂಜುಳಾ ಎಚ್. ಆರ್. – ಶಿಫ್ಟ್ ಇನ್‌ಚಾರ್ಜ್, ಕ್ವಾಲಿಟಿ (ಡಿಸೆಂಬರ್ 1ರಿಂದ)
>
> ಎಲ್ಲರಿಗೂ ನಮಸ್ಕಾರ.
>
> ಮಂಜುಳಾ ಎಚ್. ಆರ್. ಅವರು ಡಿಸೆಂಬರ್ 1, ಸೋಮವಾರದಿಂದ ಮೊದಲ ಪಾಳಿಯ ಶಿಫ್ಟ್ ಇನ್‌ಚಾರ್ಜ್ – ಕ್ವಾಲಿಟಿ ಆಗಿ ಬಡ್ತಿ ಪಡೆದಿದ್ದಾರೆ. ಅವರು ಕ್ವಾಲಿಟಿ ಮ್ಯಾನೇಜರ್ ಅವರಿಗೆ ವರದಿ ಮಾಡುತ್ತಾರೆ.
>
> ಆರು ವರ್ಷದಿಂದ ಅವರು ನಮ್ಮಲ್ಲಿ ಇನ್‌ಸ್ಪೆಕ್ಟರ್ ಆಗಿದ್ದಾರೆ. ಮೂರು ಪಾಳಿಯಲ್ಲೂ ನಾವು ದಿನಾ ನೋಡುವ ಗೇಜ್ ಕ್ಯಾಲಿಬ್ರೇಷನ್ ಪಟ್ಟಿ ಅವರು ಶುರು ಮಾಡಿದ್ದು.
>
> ಡಿಸೆಂಬರ್ 1ರಿಂದ ಮೊದಲ ಪಾಳಿಯ ಇನ್‌ಸ್ಪೆಕ್ಟರ್‌ಗಳ ರಜೆ, ಓವರ್‌ಟೈಮ್ ಮತ್ತು ಫಸ್ಟ್ ಪೀಸ್ ಒಪ್ಪಿಗೆಗೆ ಮಂಜುಳಾ ಅವರನ್ನು ಕಾಣಿ. ಎರಡನೇ ಮತ್ತು ಮೂರನೇ ಪಾಳಿಯಲ್ಲಿ ಯಾವ ಬದಲಾವಣೆಯೂ ಇಲ್ಲ.
>
> ಮಂಜುಳಾ ಅವರೇ, ಅಭಿನಂದನೆಗಳು.

"ಯಾವ ಬದಲಾವಣೆಯೂ ಇಲ್ಲ" ಅನ್ನುವ ವಾಕ್ಯ ಸಣ್ಣದಾಗಿ ಕಾಣುತ್ತದೆ. ಆದರೆ ಬಡ್ತಿಯ ಸುದ್ದಿ ಓದುವ ಪ್ರತಿಯೊಬ್ಬರ ಮನಸ್ಸಿನಲ್ಲೂ "ನನಗೇನಾಗುತ್ತೆ" ಅನ್ನುವ ಪ್ರಶ್ನೆ ಇರುತ್ತದೆ. ಎರಡನೇ ಪಾಳಿಯವರಿಗೆ ಆ ಉತ್ತರ ಕೊಡುವ ಸಾಲು ಅದೊಂದೇ. "ಸಂಪೂರ್ಣ ಸಹಕಾರ ನೀಡಿ" ಅನ್ನುವುದನ್ನು ಬೇಕೆಂದೇ ತೆಗೆದಿದ್ದೇನೆ. ಅದನ್ನು ಓದಿದರೆ ಸಹಕಾರ ಸಿಗಲಿಕ್ಕಿಲ್ಲ ಅನ್ನುವ ಅನುಮಾನ ನಿಮಗಿದೆ ಅಂತ ಅನಿಸುತ್ತದೆ. ಮಾಡಬೇಕಾದ್ದನ್ನು ನೇರವಾಗಿ "ರಜೆಗೆ ಇವರನ್ನು ಕಾಣಿ" ಅಂದರೆ ಅದರಲ್ಲಿ ಸಹಕಾರವೂ ಬಂತು.

ಕಳಿಸುವ ಮೊದಲು ಇದನ್ನು ಇಬ್ಬರಿಗೆ ತೋರಿಸಿ. ಮಂಜುಳಾ ಅವರಿಗೆ ಮತ್ತು ಅವರ ಮ್ಯಾನೇಜರ್‌ಗೆ. "ಇದರಲ್ಲಿ ತಪ್ಪೇನಿದೆ, ಯಾವುದು ಬೇಡ?" ಅಂತ ಕೇಳಿ. "ಚೆನ್ನಾಗಿದೆಯಾ?" ಅಂತ ಕೇಳಿದರೆ ಚೆನ್ನಾಗಿದೆ ಅನ್ನುತ್ತಾರೆ, ತಪ್ಪು ಅಲ್ಲೇ ಉಳಿಯುತ್ತದೆ. ಒಮ್ಮೆ ಹೀಗೆ ಕೇಳಿದಾಗ ಒಬ್ಬರು, "ಆರು ವರ್ಷ ಅಲ್ಲ ಸರ್, ಮೊದಲ ಒಂದು ವರ್ಷ ಕಾಂಟ್ರ್ಯಾಕ್ಟ್ ಮೇಲೆ ಇದ್ದೆ, ಅದನ್ನೂ ಸೇರಿಸಿ ಏಳು ಅಂತ ಬರೀತೀರಾ?" ಅಂದರು. ಕಡತದಲ್ಲಿ ಆರೇ ಇತ್ತು. ಅವರ ಪಾಲಿಗೆ ಆ ಒಂದು ವರ್ಷ ದೊಡ್ಡದು. "ಏಳು ವರ್ಷದಿಂದ ನಮ್ಮ ಜೊತೆ ಕೆಲಸ ಮಾಡುತ್ತಿದ್ದಾರೆ" ಅಂತ ಬರೆದೆವು. ಅದು ಸತ್ಯವೂ ಆಗಿತ್ತು.

## ಬರೆಯಬಾರದ್ದು

ಸಂಬಳ, ಗ್ರೇಡ್, ವಯಸ್ಸು, ಮದುವೆ, ಮಕ್ಕಳು, ಆರೋಗ್ಯ ಇವು ಯಾವುದೂ ಬೇಡ. ಹೆರಿಗೆ ರಜೆ ಮುಗಿಸಿ ಬಂದ ಕೂಡಲೇ ಬಡ್ತಿ ಸಿಕ್ಕಿದ್ದರೂ ಅದನ್ನು ಬರೆಯಬೇಡಿ. ಊರಿನ ಹೆಸರನ್ನೂ ನಾನು ಬಿಡುತ್ತೇನೆ. ನಮ್ಮಲ್ಲಿ ಊರು ಕೇಳಿದ ಮೇಲೆ ಜನರ ಮನಸ್ಸು ಮುಂದಿನ ಪ್ರಶ್ನೆಗೆ ಹೋಗುತ್ತದೆ, ಆ ಪ್ರಶ್ನೆಗೆ ಕಚೇರಿಯಲ್ಲಿ ಜಾಗ ಇರಬಾರದು. ಫೋಟೋ ಮತ್ತು ಸ್ವಂತ ಮೊಬೈಲ್ ನಂಬರ್ ಹಾಕುವುದಿದ್ದರೆ ಮೊದಲು ಅವರ ಒಪ್ಪಿಗೆ ಪಡೆಯಿರಿ. ಬಾಯಿಮಾತಿಗಿಂತ ಒಂದು ಸಾಲಿನ ಮೆಸೇಜ್ ಇದ್ದರೆ ಒಳ್ಳೆಯದು. ವ್ಯಕ್ತಿಗಳ ಡಿಜಿಟಲ್ ಮಾಹಿತಿಯನ್ನು ಹೇಗೆ ಬಳಸಬೇಕು ಅನ್ನುವುದಕ್ಕೆ 2023ರಲ್ಲಿ ಬೇರೆ ಕಾನೂನೇ ಬಂದಿದೆ. ಕಾನೂನು ಇಲ್ಲದಿದ್ದರೂ, ಇನ್ನೂರು ಜನರ ಗುಂಪಿನಲ್ಲಿ ಒಬ್ಬ ಹೆಣ್ಣುಮಗಳ ನಂಬರ್ ಕೇಳದೆ ಹಾಕುವುದು ತಪ್ಪು.

## ಹೊರಗಿನಿಂದ ಬರುವವರಾದರೆ

ಹೊಸ ನೇಮಕದಲ್ಲಿ ಬರವಣಿಗೆ ಸುಲಭ, ಸಮಯ ಕಷ್ಟ. ಆಫರ್ ಪತ್ರಕ್ಕೆ ಸಹಿ ಹಾಕಿದ ದಿನವೇ ಸುದ್ದಿ ಹಂಚಬೇಡಿ. ಹಳೆಯ ಕಂಪನಿಯಲ್ಲಿ ಅವರಿಗೆ ಒಂದರಿಂದ ಮೂರು ತಿಂಗಳ ನೋಟಿಸ್ ಅವಧಿ ಇರಬಹುದು. ಆ ಹೊತ್ತಿನಲ್ಲಿ ಅಲ್ಲಿಯವರೇ ಸಂಬಳ ಜಾಸ್ತಿ ಮಾಡಿ ಉಳಿಸಿಕೊಳ್ಳಬಹುದು. ಸೇರುವ ದಿನವೂ ಜರುಗಬಹುದು. ಆಷಾಢ ಕಳೆಯಲಿ, ಒಳ್ಳೆಯ ದಿನ ನೋಡಿ ಬರುತ್ತೇನೆ ಅನ್ನುವವರು ನಮ್ಮಲ್ಲಿ ಸಾಕಷ್ಟು ಜನ ಇದ್ದಾರೆ, ಅದನ್ನು ಗೌರವಿಸಿ. ಆಫರ್ ಪತ್ರದ ದಿನಾಂಕ ನಂಬಿ ಬರೆಯುವ ಬದಲು, ಸೇರುವ ಎರಡು ದಿನ ಮೊದಲು ಫೋನ್ ಮಾಡಿ, ಹಳೆಯ ಕಡೆಯಿಂದ ರಿಲೀವ್ ಆಗಿದೆಯಾ ಅಂತ ಕೇಳಿ. ಆಗಿದ್ದರೆ ಹಿಂದಿನ ಸಂಜೆ ಅಥವಾ ಅವತ್ತಿನ ಬೆಳಿಗ್ಗೆ ಸಂದೇಶ ಕಳಿಸಿ. ನಾನಂತೂ ಅವರು ಬಂದು ಕೂತ ಮೇಲೆಯೇ ಕಳಿಸುತ್ತೇನೆ. ಅವರ ಕೈಕೆಳಗೆ ಬರುವವರಿಗೆ ಮಾತ್ರ ಮೊದಲೇ ಬಾಯಲ್ಲಿ ಹೇಳಿರುತ್ತೇನೆ.

ಹಿಂದಿನ ಕಂಪನಿಯ ಹೆಸರು ಹಾಕಬಹುದಾ ಅಂತ ಅವರನ್ನೇ ಕೇಳಿ. ಕೆಲವರಿಗೆ ಇಷ್ಟವಿರುವುದಿಲ್ಲ. ರೆಸ್ಯೂಮೆಯ ಹೊಗಳಿಕೆಯನ್ನು ಎತ್ತಿ ಹಾಕಬೇಡಿ, ಅವರ ಕೆಲಸವನ್ನು ನೀವಿನ್ನೂ ನೋಡಿಲ್ಲ. ಅದರ ಬದಲು, ಮೊದಲ ವಾರ ಅವರು ಎಲ್ಲಿರುತ್ತಾರೆ, ಏನು ಮಾಡುತ್ತಾರೆ ಅಂತ ಹೇಳಿ. ಆಗ ಜನಕ್ಕೆ ಹೋಗಿ ಮಾತಾಡಿಸಲು ಒಂದು ನೆಪ ಸಿಗುತ್ತದೆ:

> ಅರುಣ ಕೆ. ಎಸ್. ಅವರು ಇಂದು ಸ್ಟೋರ್ಸ್ ವಿಭಾಗಕ್ಕೆ ಅಸಿಸ್ಟೆಂಟ್ ಮ್ಯಾನೇಜರ್ ಆಗಿ ಸೇರಿದ್ದಾರೆ. ಅವರು ಸ್ಟೋರ್ಸ್ ಮ್ಯಾನೇಜರ್ ಅವರಿಗೆ ವರದಿ ಮಾಡುತ್ತಾರೆ. ಒಂಬತ್ತು ವರ್ಷ ಸ್ಟೋರ್ಸ್ ಮತ್ತು ಖರೀದಿಯಲ್ಲಿ ಕೆಲಸ ಮಾಡಿದ್ದಾರೆ. ಈ ವಾರ ಪ್ರತಿ ವಿಭಾಗಕ್ಕೂ ಬಂದು, ಸಾಮಾನು ಎಲ್ಲಿ ತಡವಾಗುತ್ತಿದೆ ಅಂತ ಕೇಳಿ ಬರೆದುಕೊಳ್ಳುತ್ತಾರೆ. ಇಂಡೆಂಟ್‌ಗಳನ್ನು ಮುಂದಿನ ಸೋಮವಾರದಿಂದ ಅವರಿಗೆ ಕೊಡಿ. ಅಲ್ಲಿಯವರೆಗೆ ಈಗಿನಂತೆಯೇ. ಅವರು ಸ್ಟೋರ್ಸ್‌ನ ಕಿಟಕಿ ಪಕ್ಕದ ಮೇಜಿನಲ್ಲಿದ್ದಾರೆ. ಸ್ವಾಗತ, ಅರುಣ ಅವರೇ.

ಷೇರು ಮಾರುಕಟ್ಟೆಯಲ್ಲಿ ನೋಂದಾಯಿತ ಕಂಪನಿಯಾದರೆ ಇನ್ನೊಂದು ಎಚ್ಚರ ಬೇಕು. ನಿರ್ದೇಶಕರು, ಸಿಎಫ್‌ಒ, ಕಂಪನಿ ಸೆಕ್ರೆಟರಿ, ಹಿರಿಯ ಆಡಳಿತದವರು ಇಂಥವರ ಬದಲಾವಣೆಯನ್ನು ಸೆಬಿ ನಿಯಮದ ಪ್ರಕಾರ ಷೇರು ವಿನಿಮಯ ಕೇಂದ್ರಕ್ಕೆ ತಿಳಿಸಬೇಕು. ಅದು ಹೋಗುವ ಮೊದಲು ನಿಮ್ಮ ಸಂದೇಶ ಹೊರಟರೆ ಅದರ ಸ್ಕ್ರೀನ್‌ಶಾಟ್ ಕಂಪನಿಯ ಹೊರಗೆ ಓಡಾಡುತ್ತದೆ. ಕಂಪನಿ ಸೆಕ್ರೆಟರಿ "ಸಲ್ಲಿಸಿ ಆಯಿತು" ಅಂದ ಮೇಲೆಯೇ ಕಳಿಸಿ.

## ಕಳಿಸುವ ಹೊತ್ತು, ತಲುಪುವ ದಾರಿ

ಪಾಳಿಯಲ್ಲಿ ನಡೆಯುವ ಕಡೆ ಎಲ್ಲರೂ ಒಟ್ಟಿಗೆ ಫೋನ್ ನೋಡುವುದಿಲ್ಲ. ಮೊದಲ ಪಾಳಿ ಎರಡು ಗಂಟೆಗೆ ಮುಗಿದು ಎರಡನೆಯದು ಶುರುವಾಗುವುದಾದರೆ, ಒಂದೂ ಮುಕ್ಕಾಲಿಗೆ ಇಬ್ಬರೂ ಗೇಟಿನ ಒಳಗಿರುತ್ತಾರೆ. ಆಗ ನಿಂತು ಎರಡು ನಿಮಿಷ ಬಾಯಲ್ಲಿ ಹೇಳಿ, ಅದೇ ಹೊತ್ತಿಗೆ ಸಂದೇಶ ಕಳಿಸಿ, ನೋಟಿಸ್ ಬೋರ್ಡಿಗೆ ಒಂದು ಪ್ರತಿ ಹಾಕಿ. ಶುಕ್ರವಾರ ಸಂಜೆ ಬೇಡ. ಬೇಸರವಾದವರು ಎರಡು ದಿನ ಮನೆಯಲ್ಲಿ ಒಬ್ಬರೇ ಅದನ್ನೇ ಯೋಚಿಸುತ್ತಿರುತ್ತಾರೆ. ನನ್ನ ಅನುಭವದಲ್ಲಿ ಆಗಿದ್ದೂ ಅದೇ.

ಇಮೇಲ್ ಗುಂಪಿನಲ್ಲಿ ಯಾರಿದ್ದಾರೆ ಅಂತ ತೆರೆದು ನೋಡಿ. ಕಾಂಟ್ರ್ಯಾಕ್ಟ್ ಕೆಲಸಗಾರರಿಗೆ, ತರಬೇತಿಯಲ್ಲಿರುವವರಿಗೆ ಎಷ್ಟೋ ಕಡೆ ಕಂಪನಿಯ ಇಮೇಲ್ ಇರುವುದೇ ಇಲ್ಲ. ಆದರೆ ಅವರ ಕೆಲಸವೂ ಇದೇ ಇನ್‌ಚಾರ್ಜ್ ಕೆಳಗೆ ಬರುತ್ತದೆ. ಕನ್ನಡ, ಇಂಗ್ಲಿಷ್ ಎರಡರಲ್ಲೂ ಕಳಿಸುವುದಾದರೆ ಹುದ್ದೆಯ ಹೆಸರನ್ನು ಅನುವಾದ ಮಾಡಬೇಡಿ. "ಪಾಳಿ ಉಸ್ತುವಾರಿ ಗುಣಮಟ್ಟಾಧಿಕಾರಿ" ಅಂದರೆ ಯಾರು ಅಂತ ಯಾರಿಗೂ ತಿಳಿಯುವುದಿಲ್ಲ. ಎಲ್ಲರೂ ಬಾಯಲ್ಲಿ ಹೇಳುವ "ಶಿಫ್ಟ್ ಇನ್‌ಚಾರ್ಜ್" ಅನ್ನೇ ಕನ್ನಡ ಅಕ್ಷರದಲ್ಲಿ ಬರೆಯಿರಿ.

## ತಪ್ಪಾದರೆ

ವಾಟ್ಸಾಪ್‌ನಲ್ಲಿ ಕಳಿಸಿದ ಸಂದೇಶವನ್ನು ಹದಿನೈದು ನಿಮಿಷದೊಳಗೆ ತಿದ್ದಬಹುದು. ಅಕ್ಷರ ತಪ್ಪಿಗೆ ಅದು ಸಾಕು. ದಿನಾಂಕ, ಹುದ್ದೆ, ವರದಿ ಮಾಡುವವರು ತಪ್ಪಾಗಿದ್ದರೆ ಸದ್ದಿಲ್ಲದೆ ತಿದ್ದಬೇಡಿ. ಮೊದಲಿನದನ್ನು ಓದಿದವರು ಮತ್ತೆ ತೆರೆದು ನೋಡುವುದಿಲ್ಲ. ಅದೇ ಗುಂಪಿಗೆ ಇನ್ನೊಂದು ಸಂದೇಶ ಹಾಕಿ: "ತಿದ್ದುಪಡಿ: ಮಂಜುಳಾ ಅವರು ಹೊಣೆ ವಹಿಸಿಕೊಳ್ಳುವುದು ಡಿಸೆಂಬರ್ 1ರಿಂದ. ಮೊದಲಿನ ಸಂದೇಶದಲ್ಲಿ ನವೆಂಬರ್ 24 ಅಂತ ತಪ್ಪಾಗಿ ಬರೆದಿದ್ದೆ. ಕ್ಷಮಿಸಿ." ಏನು ತಪ್ಪಿತ್ತು, ಯಾವುದು ಸರಿ, ಎರಡೂ ಅದರಲ್ಲಿರಲಿ. ಮಂಜುಳಾ ಅವರಿಗೆ ಬೇರೆಯಾಗಿ ಒಂದು ಫೋನ್ ಮಾಡಿ. ನೋಟಿಸ್ ಬೋರ್ಡಿನ ಪ್ರತಿಯನ್ನು ಬದಲಿಸುವುದು ಎಲ್ಲರೂ ಮರೆಯುವ ಕೆಲಸ.

ಇನ್ನೊಂದು ತಪ್ಪು ಸಂದೇಶದಲ್ಲಿ ಇರುವುದೇ ಇಲ್ಲ, ತಂತ್ರಾಂಶದಲ್ಲಿ ಇರುತ್ತದೆ. "ರಜೆಗೆ ಮಂಜುಳಾ ಅವರನ್ನು ಕಾಣಿ" ಅಂತ ನಾವು ಬರೆದಿರುತ್ತೇವೆ. ಡಿಸೆಂಬರ್ 1ರ ಬೆಳಿಗ್ಗೆ ಒಬ್ಬ ಇನ್‌ಸ್ಪೆಕ್ಟರ್ ರಜೆ ಹಾಕುತ್ತಾರೆ. ಅರ್ಜಿ ನಿವೃತ್ತರಾದ ರಾಮಚಂದ್ರ ಅವರ ಲಾಗಿನ್‌ಗೆ ಹೋಗಿ ಕೂರುತ್ತದೆ. ಮಂಜುಳಾ ಅವರ ಪರದೆಯಲ್ಲಿ ಏನೂ ಕಾಣುವುದಿಲ್ಲ. ಅವರ ಮೊದಲ ದಿನ "ನನಗೆ ಬಂದಿಲ್ಲವಲ್ಲ" ಅಂತ ಹೇಳುವುದರಲ್ಲೇ ಕಳೆಯುತ್ತದೆ. ಹಾಗಾಗಿ ಹಿಂದಿನ ಶುಕ್ರವಾರವೇ ಎಚ್‌ಆರ್ ಅವರಿಗೆ ಹೇಳಿ, ಸೋಮವಾರದಿಂದ ರಜೆಯ ಮಂಜೂರಾತಿ, ಓವರ್‌ಟೈಮ್ ಸಹಿ, ಬಯೋಮೆಟ್ರಿಕ್ ಪಟ್ಟಿ ಮೂರೂ ಹೊಸ ಹೆಸರಿಗೆ ಬರುವಂತೆ ಮಾಡಿಸಿ. ಸೋಮವಾರ ಪಾಳಿ ಶುರುವಾದ ಕೂಡಲೇ ಒಬ್ಬರಿಂದ ಅರ್ಧ ದಿನದ ಪರೀಕ್ಷಾ ರಜೆ ಹಾಕಿಸಿ, ಅದು ಮಂಜುಳಾ ಅವರ ಪರದೆಗೆ ಬಂತಾ ಅಂತ ನೋಡಿ, ಆಮೇಲೆ ರದ್ದು ಮಾಡಿಸಿ.